ಸಿವಿ ಕಳಿಸುವ ಮೊದಲು ಬಜೆಟ್ ಕೇಳಿ, ಪ್ಲಾಂಟ್ ಎಲ್ಲಿ ಅಂತಲೂ ಕೇಳಿ

ಪ್ರಶ್ನೆ: ಮೇಡಂ, ನಾನು ತುಮಕೂರಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಕ್ವಾಲಿಟಿ ಇಂಜಿನಿಯರ್ ಆಗಿದ್ದೇನೆ. ಸಿಟಿಸಿ 5.4 ಲಕ್ಷ. ಬೇರೆ ಕೆಲಸ ಹುಡುಕ್ತಾ ಇರಲಿಲ್ಲ. ಮೊನ್ನೆ ಲಿಂಕ್ಡ್‌ಇನ್‌ನಲ್ಲಿ ಕನ್ಸಲ್ಟೆನ್ಸಿಯ ರಿಕ್ರೂಟರ್ ಒಬ್ಬರು ತಾವಾಗಿಯೇ ಮೆಸೇಜ್ ಮಾಡಿದ್ದಾರೆ. ‘ಬೆಂಗಳೂರಿನ ಹೆಸರಾಂತ ಆಟೋ ಕಂಪನಿಗೆ ಸೀನಿಯರ್ ಕ್ವಾಲಿಟಿ ಇಂಜಿನಿಯರ್ ಬೇಕು. ಸಿವಿ, ಈಗಿನ ಸಿಟಿಸಿ, ಎಷ್ಟು ಬೇಕು, ನೋಟಿಸ್ ಪೀರಿಯಡ್ ಎಷ್ಟು, ಎಲ್ಲಾ ಕಳಿಸಿ’ ಅಂತ. ನನಗೆ ಆಸೆ ಇದೆ. ಆದರೆ ಸಂಬಳ ಎಷ್ಟು, ಯಾವ ಟೀಮ್ ಅಂತ ಮೊದಲೇ ಕೇಳಿದರೆ ದುಡ್ಡಿಗೇ ಬಿದ್ದವನು ಅಂದುಕೊಳ್ತಾರಾ? ಹೇಗೆ ಉತ್ತರ ಕೊಡಲಿ?

ಉತ್ತರ: ಅಂದುಕೊಳ್ಳುವುದಿಲ್ಲ. ಹನ್ನೊಂದು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ. ಮೊದಲು ಕನ್ಸಲ್ಟೆನ್ಸಿಯಲ್ಲಿ, ಆಮೇಲೆ ಫ್ಯಾಕ್ಟರಿಯ ಎಚ್‌ಆರ್‌ನಲ್ಲಿ. ಬಜೆಟ್ ಕೇಳಿದ್ದಕ್ಕೆ ಯಾರನ್ನೂ ಪಟ್ಟಿಯಿಂದ ತೆಗೆದಿಲ್ಲ. ಏನನ್ನೂ ಹೇಳದೆ ಬರೀ ‘ಸ್ಯಾಲರಿ ಎಷ್ಟು?’ ಅಂತ ಎರಡು ಪದ ಕಳಿಸಿದವರಿಗೆ ಮಾತ್ರ ಉತ್ತರ ಕೊಡುವುದು ತಡವಾಗುತ್ತಿತ್ತು. ಯಾಕೆ ಅಂತ ಹೇಳುತ್ತೇನೆ. ಅದು ತಿಳಿದರೆ ನಿಮ್ಮ ಉತ್ತರ ಹೇಗಿರಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ರಿಕ್ರೂಟರ್ ಮುಂದೆ ಒಂದು ಎಕ್ಸೆಲ್ ಶೀಟ್ ಇರುತ್ತದೆ. ನಾವು ಅದನ್ನು ಟ್ರ್ಯಾಕರ್ ಅನ್ನುತ್ತೇವೆ. ಹೆಸರು, ಈಗಿನ ಕಂಪನಿ, ಒಟ್ಟು ಅನುಭವ, ಈಗಿನ ಸಿಟಿಸಿ, ಎಷ್ಟು ಕೇಳುತ್ತಾರೆ, ನೋಟಿಸ್ ಎಷ್ಟು ದಿನ, ಎಲ್ಲಿದ್ದಾರೆ, ಯಾಕೆ ಬಿಡುತ್ತಾರೆ. ಹೀಗೆ ಸಾಲು ಸಾಲು ಕಾಲಂ. ಸಂಜೆಯೊಳಗೆ ಏಳೆಂಟು ಜನರ ಸಾಲು ತುಂಬಿ ಕಂಪನಿಗೆ ಕಳಿಸಬೇಕು. ನಿಮಗೆ ಬಂದ ಮೆಸೇಜ್ ಆ ಕಾಲಂಗಳ ಹೆಸರೇ, ಅಷ್ಟೆ. ನಿಮ್ಮನ್ನು ಕಟ್ಟಿಹಾಕಲು ಕೇಳಿದ ಪ್ರಶ್ನೆಯಲ್ಲ. ಹಾಗಂತ ಅವರು ಕೇಳಿದ ಕ್ರಮದಲ್ಲೇ ಎಲ್ಲವನ್ನೂ ಕೊಡಬೇಕು ಅಂತಲೂ ಇಲ್ಲ.

ಇನ್ನೊಂದು ವಿಷಯ. ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ರೇಟು ವರ್ಷದ ಸಿಟಿಸಿಯ 8.33%, ಅಂದರೆ ಒಂದು ತಿಂಗಳ ಸಂಬಳ. ಅದೂ ನೀವು ಹೋಗಿ ಸೇರಿದ ಮೇಲೆ. ಮೂರು ರೌಂಡ್ ಇಂಟರ್‌ವ್ಯೂ ಮುಗಿಸಿ, ಆಫರ್ ಕೈಗೆ ಬಂದಾಗ ‘ಇಷ್ಟೇನಾ?’ ಅಂತ ನೀವು ಬಿಟ್ಟರೆ ಅವರ ತಿಂಗಳ ಕೆಲಸ ನೀರುಪಾಲು. ಹಾಗಾಗಿ ಮೊದಲೇ ಬಜೆಟ್ ಕೇಳುವ ಅಭ್ಯರ್ಥಿ ಅವರಿಗೆ ತಲೆನೋವಲ್ಲ. ಕೊನೆಯಲ್ಲಿ ಕೈಕೊಡುವುದಿಲ್ಲ ಅನ್ನುವ ಭರವಸೆ ಅದು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕೋಲಾರದ ಒಬ್ಬ ಹುಡುಗನನ್ನು ಒಂದು ಕಂಪನಿಗೆ ಕಳಿಸಿದ್ದೆ. ಮೂರು ರೌಂಡ್‌ಗೆ ಮೂರು ರಜೆ ಹಾಕಿ ಬಂದ. ಬಜೆಟ್ ನನಗೆ ಗೊತ್ತಿತ್ತು, ಆದರೆ ಹೇಳಬೇಡಿ ಅಂತ ನಮ್ಮ ಮೇಲಿನವರು ಹೇಳಿದ್ದರು. ಕೊನೆಗೆ ಬಂದ ಆಫರ್ ಅವನ ಈಗಿನ ಸಂಬಳಕ್ಕಿಂತ ಕಡಿಮೆ. ಫೋನಿನಲ್ಲಿ ಅವನು ಜೋರು ಮಾಡಲಿಲ್ಲ. ‘ಮೇಡಂ, ಮೊದಲೇ ಹೇಳಿದ್ರೆ ರಜೆ ಉಳೀತಿತ್ತು’ ಅಂದ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ನಿಮ್ಮ ಉತ್ತರಕ್ಕೆ ಬರೋಣ. ಟ್ರ್ಯಾಕರ್‌ನಲ್ಲಿ ಕೆಲವು ಕಾಲಂಗಳಿಗೆ ಉತ್ತರ ಕೊಟ್ಟರೆ ನಿಮಗೆ ಏನೂ ನಷ್ಟವಿಲ್ಲ. ಅನುಭವ, ಇರುವ ಊರು, ನೋಟಿಸ್. ಅವನ್ನು ಕೇಳದೆಯೇ ಧಾರಾಳವಾಗಿ ಕೊಟ್ಟುಬಿಡಿ. ಸಿವಿ ಮತ್ತು ಈಗಿನ ಸಿಟಿಸಿ, ಈ ಎರಡನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಇಟ್ಟುಕೊಳ್ಳಿ. ಹೀಗೆ ಬರೆಯಬಹುದು:

‘ನಮಸ್ಕಾರ. ಮೆಸೇಜ್ ಮಾಡಿದ್ದಕ್ಕೆ ಥ್ಯಾಂಕ್ಸ್. ಈ ಸೀನಿಯರ್ ಕ್ವಾಲಿಟಿ ಇಂಜಿನಿಯರ್ ಕೆಲಸದ ಬಗ್ಗೆ ನನಗೆ ಆಸಕ್ತಿ ಇದೆ. ಆರು ವರ್ಷದಿಂದ ಮಷಿನಿಂಗ್ ಲೈನ್‌ನಲ್ಲಿ ಇನ್-ಪ್ರೋಸೆಸ್ ಕ್ವಾಲಿಟಿ ನೋಡುತ್ತಿದ್ದೇನೆ. ಎರಡು ವರ್ಷದಿಂದ ಕಸ್ಟಮರ್ ಕಂಪ್ಲೇಂಟ್‌ಗಳ 8ಡಿ ರಿಪೋರ್ಟ್ ಕೂಡ ನಾನೇ ಮಾಡುತ್ತೇನೆ. ಇರುವುದು ತುಮಕೂರಿನಲ್ಲಿ, ನೋಟಿಸ್ 60 ದಿನ. ಮುಂದುವರಿಯುವ ಮೊದಲು ಎರಡು ವಿಷಯ ತಿಳಿಸಿದರೆ ಅನುಕೂಲ. ಈ ಹುದ್ದೆಗೆ ಬಜೆಟ್ ಎಷ್ಟರಿಂದ ಎಷ್ಟರವರೆಗೆ, ಅದರಲ್ಲಿ ಫಿಕ್ಸೆಡ್ ಎಷ್ಟು? ಪ್ಲಾಂಟ್ ಎಲ್ಲಿದೆ, ಕ್ವಾಲಿಟಿಯಲ್ಲಿ ಯಾವ ಟೀಮ್, ಯಾರಿಗೆ ರಿಪೋರ್ಟ್ ಮಾಡಬೇಕು? ಇವು ಹೊಂದುವ ಹಾಗಿದ್ದರೆ ಅವತ್ತೇ ಸಿವಿ ಕಳಿಸುತ್ತೇನೆ. ನಾಳೆ ಅಥವಾ ನಾಡಿದ್ದು ಸಂಜೆ ಆರರ ಮೇಲೆ ಹತ್ತು ನಿಮಿಷ ಮಾತಾಡಲೂ ಸಿಗುತ್ತೇನೆ.’

60 ದಿನ, 8ಡಿ ಅನ್ನುವ ಕಡೆ ನಿಮ್ಮ ನಿಜವಾದ ವಿವರ ಹಾಕಿ. ಇಂಗ್ಲಿಷ್‌ನಲ್ಲಿ ಬರೆಯುವುದಾದರೂ ಕ್ರಮ ಇದೇ ಇರಲಿ. ವ್ಯಾಕರಣಕ್ಕೆ ಹೆದರಬೇಡಿ, ಅದನ್ನು ಯಾರೂ ನೋಡುವುದಿಲ್ಲ.

ಇದರಲ್ಲಿ ಆಸಕ್ತಿ ತೋರಿಸುತ್ತಿರುವುದು ‘ಆಸಕ್ತಿ ಇದೆ’ ಅನ್ನುವ ಮಾತಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ. ಮಷಿನಿಂಗ್ ಲೈನ್, 8ಡಿ ಅನ್ನುವ ಆ ಎರಡು ವಾಕ್ಯ ಓದಿದಾಗ ರಿಕ್ರೂಟರ್‌ಗೆ ‘ಇವರು ಸರಿಹೋಗಬಹುದು’ ಅನ್ನಿಸುತ್ತದೆ. ಆಮೇಲೆ ಬರುವ ಪ್ರಶ್ನೆಗೆ ಉತ್ತರ ಹುಡುಕುವ ಮನಸ್ಸು ಬರುವುದು ಅದರಿಂದ. ಕೊನೆಯಲ್ಲಿ ‘ಅವತ್ತೇ ಕಳಿಸುತ್ತೇನೆ’ ಅಂದಿದ್ದೀರಲ್ಲ, ಅದೂ ಮುಖ್ಯ. ನೀವು ಕೇಳಿದ್ದು ಕೊಟ್ಟರೆ ಅವರಿಗೆ ಬೇಕಾದ್ದು ಕೂಡಲೇ ಸಿಗುತ್ತದೆ ಅಂತ ಗೊತ್ತಾಗುತ್ತದೆ.

‘ಬಜೆಟ್’ ಅನ್ನುವ ಪದವನ್ನೇ ಬಳಸಿ. ‘ನನಗೆ ಎಷ್ಟು ಕೊಡ್ತೀರ?’ ಅಂದರೆ ಚೌಕಾಸಿ ಈಗಲೇ ಶುರುವಾದ ಹಾಗೆ. ‘ಹುದ್ದೆಯ ಬಜೆಟ್ ಎಷ್ಟು?’ ಅಂದರೆ ಆ ಕುರ್ಚಿಗೆ ಕಂಪನಿ ಇಟ್ಟಿರುವ ಹಣದ ಬಗ್ಗೆ ಕೇಳಿದ ಹಾಗೆ. ಕನ್ಸಲ್ಟೆನ್ಸಿಗೆ ಕೆಲಸ ಕೊಡುವಾಗಲೇ ಕಂಪನಿ ಸಾಮಾನ್ಯವಾಗಿ ಆ ಅಂಕಿ ಹೇಳಿರುತ್ತದೆ. ಅಂದರೆ ನೀವು ಕೇಳುತ್ತಿರುವುದು ಅವರ ಶೀಟ್‌ನಲ್ಲೇ ಇರುವ ವಿಷಯ.

ಇನ್ನು ಬರುವ ಉತ್ತರಗಳು. ಒಳ್ಳೆಯ ರಿಕ್ರೂಟರ್ ನೇರವಾಗಿ ‘ಆರೂವರೆಯಿಂದ ಏಳೂವರೆ’ ಅನ್ನುತ್ತಾರೆ. ಕೆಲವರು ‘ಆ್ಯಸ್ ಪರ್ ಕಂಪನಿ ಸ್ಟ್ಯಾಂಡರ್ಡ್ಸ್’ ಅನ್ನುತ್ತಾರೆ. ಇನ್ನು ಕೆಲವರು ‘ಒಳ್ಳೆ ಕ್ಯಾಂಡಿಡೇಟ್‌ಗೆ ಬಜೆಟ್ ಸಮಸ್ಯೆ ಅಲ್ಲ’ ಅನ್ನುತ್ತಾರೆ. ಈ ಎರಡೂ ಉತ್ತರವೇ ಅಲ್ಲ. ತುಂಬಾ ಜನ ಹೇಳುವುದು ‘ಈಗಿನ ಸಿಟಿಸಿ ಮೇಲೆ ಇಪ್ಪತ್ತು, ಮೂವತ್ತು ಪರ್ಸೆಂಟ್ ಹೈಕ್ ಕೊಡ್ತಾರೆ’ ಅಂತ. ಇಲ್ಲಿ ಎಚ್ಚರ ಇರಲಿ. ಆ ಹುದ್ದೆಗೆ ಏಳೂವರೆ ಇಟ್ಟಿದ್ದರೂ, ನಿಮ್ಮ 5.4 ಲಕ್ಷಕ್ಕೆ 20% ಸೇರಿಸಿದರೆ 6.48 ಲಕ್ಷಕ್ಕೇ ಮುಗಿಯುತ್ತದೆ. ಒಂದು ಲಕ್ಷ ಎಲ್ಲಿ ಹೋಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ತುಮಕೂರು, ಕೋಲಾರದ ಕಡೆಯ ಹುಡುಗರು ಶುರುವಿನಲ್ಲಿ ಕಡಿಮೆ ಸಂಬಳಕ್ಕೆ ಸೇರಿರುತ್ತಾರೆ. ಹಳೇ ಸಂಬಳದ ಮೇಲೆ ಪರ್ಸೆಂಟ್ ಕಟ್ಟುತ್ತಾ ಹೋದರೆ ಆ ಕಡಿಮೆ ಜೊತೆಯಲ್ಲೇ ಬರುತ್ತದೆ. ನಾನು ಬಜೆಟ್ ಮೊದಲು ಕೇಳಿ ಅನ್ನುವುದಕ್ಕೆ ದೊಡ್ಡ ಕಾರಣ ಇದೇ.

ಆಗ ಒಂದೇ ಸಲ, ನಯವಾಗಿ, ಮತ್ತೆ ಕೇಳಿ. ‘ಹೈಕ್ ವಿಷಯ ಆಮೇಲೆ ಮಾತಾಡೋಣ. ಹುದ್ದೆಯ ಬಜೆಟ್ ಅಂದಾಜು ಹೇಳಿ, ನನ್ನ ಈಗಿನ ಸಿಟಿಸಿಯನ್ನೂ ಹೇಳುತ್ತೇನೆ.’ ಅಮೆರಿಕದ ಕೊಲರಾಡೊದಂಥ ರಾಜ್ಯದಲ್ಲಿ 2021ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳದ ಮಿತಿ ಹಾಕಬೇಕು ಅಂತ ಕಾನೂನಿದೆ. ನಮ್ಮಲ್ಲಿ ಅಂಥದ್ದು ಇಲ್ಲ. ಹಳೇ ಸಂಬಳ ಕೇಳಬಾರದು ಅಂತಲೂ ಇಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಈ ಕೊಡು-ತಗೊ ಮಾತ್ರ. ಅಷ್ಟಕ್ಕೂ ಹೇಳದಿದ್ದರೆ ನೀವೇ ಒಂದು ಅಂಕಿ ಇಡಿ. ‘ಏಳು ಲಕ್ಷ ಫಿಕ್ಸೆಡ್ ಸುತ್ತಮುತ್ತ ಇದ್ದರೆ ಮಾತಾಡೋಣ, ಅದಕ್ಕಿಂತ ತೀರಾ ಕೆಳಗಿದ್ದರೆ ಇಬ್ಬರ ಸಮಯವೂ ಹೋಗುತ್ತದೆ.’ ಹೌದೋ ಅಲ್ಲವೋ ಅಂತ ತಕ್ಷಣ ಗೊತ್ತಾಗುತ್ತದೆ.

ಈಗಿನ ಸಿಟಿಸಿ ಹೇಳುವ ಹೊತ್ತು ಬಂದಾಗ ಮಾತ್ರ ನಿಜವಾದ ಅಂಕಿಯನ್ನೇ ಹೇಳಿ. ಆಫರ್ ಮುಂಚೆ ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತಾರೆ. ಎಷ್ಟೋ ಕಡೆ ಫಾರ್ಮ್ 16 ಕೂಡ ಕೇಳುತ್ತಾರೆ. ಐವತ್ತು ಸಾವಿರ ಜಾಸ್ತಿ ಹೇಳಿ ಕೊನೇ ದಿನ ಆಫರ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ‘ಈಗ ಹೇಳಲ್ಲ’ ಅನ್ನುವುದು ತಪ್ಪಲ್ಲ. ಸುಳ್ಳು ಹೇಳಿದರೆ ಮಾತ್ರ ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಸರಿ, ಏಳೂವರೆ ಲಕ್ಷ ಅಂದರು ಅಂತ ಇಟ್ಟುಕೊಳ್ಳೋಣ. ಹನ್ನೆರಡರಿಂದ ಭಾಗಿಸಿದರೆ 62,500. ಮನೆಯಲ್ಲಿ ಹೇಳುವ ಮೊದಲು ಸ್ವಲ್ಪ ನಿಲ್ಲಿ. ಮೆಸೇಜ್‌ನಲ್ಲಿ ‘ಅದರಲ್ಲಿ ಫಿಕ್ಸೆಡ್ ಎಷ್ಟು?’ ಅಂತ ಸೇರಿಸಿದ್ದು ಇದಕ್ಕೇ. ಒಂದು ಸಾಮಾನ್ಯ ಆಫರ್ ಹೇಗಿರುತ್ತದೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ವೇರಿಯಬಲ್ 10% ಅಂದರೆ 75,000 ಪಕ್ಕಕ್ಕೆ ಹೋಯಿತು. ಅದು ವರ್ಷದ ಕೊನೆಗೆ, ಕಂಪನಿ ಮತ್ತು ನಿಮ್ಮ ರೇಟಿಂಗ್ ನೋಡಿ ಬರುವ ದುಡ್ಡು. ಉಳಿದದ್ದು 6.75 ಲಕ್ಷ. ಬೇಸಿಕ್ ಸಿಟಿಸಿಯ ಅರ್ಧ, ತಿಂಗಳಿಗೆ 31,250 ಅಂತ ಹಿಡಿಯಿರಿ. ಕಂಪನಿ ಕಟ್ಟುವ ಪಿಎಫ್ ಅದರ 12%, ವರ್ಷಕ್ಕೆ 45,000. ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿ ಅಂತ ಬೇಸಿಕ್‌ನ 4.81%, ಸುಮಾರು 18,000, ಅದೂ ಒಳಗೇ. ಅದು ಕೈಗೆ ಬರುವುದು ಕೆಲಸ ಬಿಟ್ಟಾಗ, ಪರ್ಮನೆಂಟ್ ಕೆಲಸದಲ್ಲಿ ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ಇರಬೇಕು. ಇನ್ಶೂರೆನ್ಸ್ ಪ್ರೀಮಿಯಂ 9,000 ಅನ್ನಿ. ಇಷ್ಟು ಕಳೆದರೆ ತಿಂಗಳಿಗೆ ಸುಮಾರು 50,250. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,750, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ, ಬ್ಯಾಂಕಿಗೆ ಬೀಳುವುದು 46,300ರ ಆಸುಪಾಸು. ಈ ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬರುವುದಿಲ್ಲ.

ಈಗಿನ 5.4 ಲಕ್ಷದಲ್ಲಿ ವೇರಿಯಬಲ್ ಇಲ್ಲ ಅಂದುಕೊಂಡು, ಇನ್ಶೂರೆನ್ಸ್ 6,000 ಹಿಡಿದು ಇದೇ ರೀತಿ ಕಳೆದರೆ ನಿಮ್ಮ ಕೈಗೆ ಸುಮಾರು 37,800 ಬರುತ್ತಿರಬೇಕು. ಪೇ ಸ್ಲಿಪ್ ತೆಗೆದು ನೋಡಿ, ಸ್ವಲ್ಪ ಆಚೀಚೆ ಇರಬಹುದು. ಕಾಗದದ ಮೇಲೆ 39% ಹೈಕ್. ಕೈಯಲ್ಲಿ ತಿಂಗಳಿಗೆ 8,500. ಪಿಎಫ್ ಖಾತೆಗೆ ಎರಡೂ ಪಾಲು ಸೇರಿ ತಿಂಗಳಿಗೆ 2,100 ಜಾಸ್ತಿ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ, ಅದು ನಿಮ್ಮದೇ ದುಡ್ಡು. ಆದರೂ 8,500 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಪ್ರಶ್ನೆಗೆ ಅದೇ ಬೇಕಾಗುತ್ತದೆ.

ಅದು ಪ್ಲಾಂಟ್ ಎಲ್ಲಿದೆ ಅನ್ನುವ ಪ್ರಶ್ನೆ. ನಿಮ್ಮ ಮೆಸೇಜ್‌ನಲ್ಲಿ ‘ಬೆಂಗಳೂರಿನ ಕಂಪನಿ’ ಅಂತ ಇದೆ. ಫ್ಯಾಕ್ಟರಿ ಕೆಲಸಗಳಲ್ಲಿ ಈ ಒಂದು ಪದದೊಳಗೆ ದಾಬಸ್‌ಪೇಟೆಯೂ ಬರುತ್ತದೆ, ಬಿಡದಿಯೂ ಬರುತ್ತದೆ, ಹೊಸಕೋಟೆ, ನರಸಾಪುರ, ವೇಮಗಲ್ ಎಲ್ಲವೂ ಬರುತ್ತವೆ. ಹೊರ ರಾಜ್ಯದಲ್ಲಿ ಕೂತು ಹುಡುಕುವ ರಿಕ್ರೂಟರ್‌ಗೆ ಎಲ್ಲವೂ ಒಂದೇ. ತುಮಕೂರಿನಲ್ಲಿ ಮನೆ ಇರುವವರಿಗೆ ಒಂದೇನಾ? ದಾಬಸ್‌ಪೇಟೆ ಅಂದರೆ ಮನೆಯ ಊಟ ಮಾಡಿಕೊಂಡು ಓಡಾಡಬಹುದು. ನರಸಾಪುರ ಅಂದರೆ ಬೆಂಗಳೂರು ದಾಟಿ ಕೋಲಾರದ ದಾರಿ, ದಿನಾ ಹೋಗಿ ಬರುವ ಮಾತೇ ಇಲ್ಲ, ರೂಮ್ ಮಾಡಬೇಕು. ರೂಮ್ ಬಾಡಿಗೆ, ಊಟ, ವಾರಕ್ಕೊಮ್ಮೆ ಊರಿಗೆ ಬರುವ ಬಸ್ಸು, ಇಷ್ಟಕ್ಕೇ ಆ 8,500 ಸಾಕಾಗುತ್ತದಾ ಅಂತ ನೀವೇ ಯೋಚಿಸಿ. ಈಗ ಕಂಪನಿ ಬಸ್ಸು, ಕ್ಯಾಂಟೀನ್ ಊಟ ಇದ್ದರೆ ಅದೂ ನಿಮ್ಮ ಸಂಬಳವೇ. ಹಾಗಾಗಿ ‘ಬೆಂಗಳೂರು’ ಅಂದರೆ ಬಿಡಬೇಡಿ, ಯಾವ ಇಂಡಸ್ಟ್ರಿಯಲ್ ಏರಿಯಾ ಅಂತಲೇ ಕೇಳಿ. ಕಂಪನಿ ಹೆಸರು ಹೇಳಲು ಹಿಂಜರಿಯುವವರೂ ಜಾಗ ಹೇಳುತ್ತಾರೆ. ಜಾಗ ಗೊತ್ತಾದರೆ ಕಂಪನಿ ಯಾವುದು ಅಂತ ಅರ್ಧ ಗೊತ್ತಾದ ಹಾಗೇ, ಅಲ್ವಾ?

ಟೀಮ್ ಬಗ್ಗೆ ಮೊದಲ ಮೆಸೇಜ್‌ನಲ್ಲಿ ಜಾಸ್ತಿ ಕೇಳಬೇಡಿ. ಉಳಿದದ್ದನ್ನು ಹತ್ತು ನಿಮಿಷದ ಫೋನಿನಲ್ಲಿ ಕೇಳಿ. ನಿಮ್ಮ ಕೆಲಸದಲ್ಲಿ ತುಂಬಾ ಮುಖ್ಯವಾದದ್ದು, ಕ್ವಾಲಿಟಿಯಲ್ಲಿ ಯಾವ ಕ್ವಾಲಿಟಿ ಅನ್ನುವುದು. ಇನ್-ಪ್ರೋಸೆಸ್ ಅಂದರೆ ಲೈನ್ ಪಕ್ಕ, ಶಿಫ್ಟ್‌ನಲ್ಲಿ. ಸಪ್ಲೈಯರ್ ಕ್ವಾಲಿಟಿ ಅಂದರೆ ವಾರದಲ್ಲಿ ಮೂರು ದಿನ ಪೀಣ್ಯ, ಹೊಸೂರು ಅಂತ ವೆಂಡರ್‌ಗಳ ಹತ್ತಿರ ಓಡಾಟ. ಕಸ್ಟಮರ್ ಕ್ವಾಲಿಟಿ ಅಂದರೆ ಕೆಲವು ಸಲ ಕಸ್ಟಮರ್ ಪ್ಲಾಂಟಿನಲ್ಲೇ ರೆಸಿಡೆಂಟ್ ಆಗಿ ಕೂರಬೇಕು, ಬೇರೆ ರಾಜ್ಯವೂ ಆಗಬಹುದು. ಮೂರಕ್ಕೂ ಹೊರಗೆ ಹೆಸರು ಒಂದೇ, ‘ಸೀನಿಯರ್ ಕ್ವಾಲಿಟಿ ಇಂಜಿನಿಯರ್’.

ಆಮೇಲೆ ಇದು ಹೊಸ ಹುದ್ದೆಯಾ, ಯಾರಾದರೂ ಬಿಟ್ಟು ಹೋದ ಜಾಗವಾ ಅಂತ ಕೇಳಿ. ಬಿಟ್ಟು ಹೋದ ಜಾಗ ಆದರೆ, ಅವರು ಎಷ್ಟು ದಿನ ಇದ್ದರು ಅಂತ ಸಹಜವಾಗಿ ಕೇಳಿ. ಒಂದೇ ಕುರ್ಚಿಯಲ್ಲಿ ಎರಡು ವರ್ಷದಲ್ಲಿ ಮೂರು ಜನ ಬದಲಾಗಿದ್ದರೆ, ಸಂಬಳ ಎಷ್ಟೇ ಇರಲಿ, ಅಲ್ಲಿ ಏನೋ ಇದೆ. ನಾನಾಗಿದ್ದರೆ ಪ್ಲಾಂಟಿನಲ್ಲಿ ಕೆಲಸ ಮಾಡುವವರನ್ನು ಹುಡುಕಿ ವಿಚಾರಿಸದೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಜೊತೆಗೆ ‘ಯಾರ ಪೇರೋಲ್?’ ಅಂತಲೂ ಕೇಳಿ. ‘ಹೆಸರಾಂತ ಕಂಪನಿ’ಯ ಗೇಟಿನೊಳಗೆ ಕೆಲಸ, ಆದರೆ ಸಂಬಳ ಕೊಡುವುದು ಕಾಂಟ್ರ್ಯಾಕ್ಟ್ ಏಜೆನ್ಸಿ, ಹನ್ನೊಂದು ತಿಂಗಳ ಕರಾರು. ಇದು ನಮ್ಮ ಕಡೆ ಇದ್ದೇ ಇದೆ. ನೀವು ಪರ್ಮನೆಂಟ್ ಕೆಲಸ ಬಿಟ್ಟು ಹೋಗುವವರು. ಇದನ್ನು ಕೇಳದೆ ಹೋಗಬೇಡಿ.

ಸಿವಿ ಕಳಿಸುವ ಹೊತ್ತಿಗೆ ಒಂದು ಸಾಲು ಸೇರಿಸಿ: ‘ಕಂಪನಿ ಹೆಸರು ತಿಳಿಸಿ, ನಾನು ಸರಿ ಅಂದ ಮೇಲೆ ಮಾತ್ರ ಪ್ರೊಫೈಲ್ ಕಳಿಸಿ.’ ಇದಕ್ಕೆ ಎರಡು ಕಾರಣ. ಒಂದೇ ಹುದ್ದೆಗೆ ನಾಲ್ಕು ಕನ್ಸಲ್ಟೆನ್ಸಿ ಹುಡುಕುತ್ತಿರುತ್ತವೆ. ಇಬ್ಬರು ನಿಮ್ಮ ಸಿವಿ ಕಳಿಸಿದರೆ ಕಮಿಷನ್ ಯಾರಿಗೆ ಅನ್ನುವ ಜಗಳ ಬರುತ್ತದೆ. ಆ ರಗಳೆಯೇ ಬೇಡ ಅಂತ ಕಂಪನಿ ನಿಮ್ಮನ್ನೇ ಬಿಡಬಹುದು. ಎರಡನೆಯದು ಇನ್ನೂ ಕೆಟ್ಟದ್ದು. ಹೆಸರು ಹೇಳದ ಆ ‘ಹೆಸರಾಂತ ಕಂಪನಿ’ ನಿಮ್ಮದೇ ಗ್ರೂಪಿನ ಇನ್ನೊಂದು ಪ್ಲಾಂಟ್ ಆಗಿರಬಹುದು. ಹಾಗೆ ಒಬ್ಬರ ಸಿವಿ ಅವರದೇ ಮ್ಯಾನೇಜರ್ ಟೇಬಲ್ ಮೇಲೆ ಹೋಗಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಹಂತದಲ್ಲಿ ಆಧಾರ್, ಪ್ಯಾನ್ ಫೋಟೋ, ಪೇ ಸ್ಲಿಪ್ ಯಾವುದೂ ಬೇಕಿಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್ ಅಂತ ನಿಮ್ಮ ಹತ್ತಿರ ಒಂದು ರೂಪಾಯಿ ಕೇಳಿದರೂ ಅಲ್ಲಿಗೆ ಮಾತು ನಿಲ್ಲಿಸಿ. ದುಡ್ಡು ಕೊಡುವುದು ಕಂಪನಿ ಅಂತ ಮೇಲೆ ಹೇಳಿದೆನಲ್ಲ.

ಮೆಸೇಜ್ ಬಂದು ಎರಡು ದಿನದೊಳಗೆ ಉತ್ತರ ಕಳಿಸಿ. ಟ್ರ್ಯಾಕರ್ ಬೇಗ ತುಂಬಿಹೋಗುತ್ತದೆ. ಅವರಿಂದ ನಾಲ್ಕು ಕೆಲಸದ ದಿನ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ: ‘ಬಜೆಟ್ ಮತ್ತು ಪ್ಲಾಂಟ್ ಜಾಗ ತಿಳಿದರೆ ಸಿವಿ ರೆಡಿ ಇದೆ.’ ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ. ನೀವು ಕೇಳಿದ್ದರಿಂದ ಹೀಗಾಯಿತು ಅಂತ ಅಂದುಕೊಳ್ಳಬೇಡಿ. ಹುದ್ದೆ ತುಂಬಿರುತ್ತದೆ, ಇಲ್ಲವೇ ಬಜೆಟ್ ನಿಮ್ಮ ಈಗಿನ ಸಂಬಳದ ಹತ್ತಿರವೇ ಇರುತ್ತದೆ.